ಲಾಡ್ಜಿನಲ್ಲಿ ಕಾರ್ಡ್ ಬ್ಲಾಕ್: ಹೆಚ್ಚುವರಿ ಹಣ ಬೇಗ ಬಿಡುಗಡೆಯಾಗುವಂತೆ ಮಾಡಿದ ನನ್ನ ಅನುಭವ

ಅತಿಥಿ ಬಂದಿಳಿದ ಕೂಡಲೇ ಕಾರ್ಡ್ ಕೇಳಿ ಹಣ ಬ್ಲಾಕ್ ಮಾಡುವ ಪದ್ಧತಿಯು ದೊಡ್ಡ ರೆಸಾರ್ಟುಗಳಿಗೆ ಮಾತ್ರ ಸರಿ, ಹದಿನಾಲ್ಕು ಕೋಣೆಗಳ ನಿಮ್ಮ ಲಾಡ್ಜಿಗೆ ಅದು ತಲೆನೋವಾಗುತ್ತದೆ ಎಂದು ಕಾರವಾರದ ಮತ್ತು ಗೋಕರ್ಣದ ನನ್ನ ವೃತ್ತಿಬಾಂಧವರು ಮೂರು ವರ್ಷಗಳ ಹಿಂದೆ ಎಚ್ಚರಿಸಿದ್ದರು. ಮೊದಲ ಆರು ತಿಂಗಳು ಅವರ ಮಾತೇ ನಿಜವಾಗುತ್ತಿತ್ತು. ಈಗ ಎರಡು ಸೀಸನ್ ಕಳೆದಿವೆ. ಊಟದ ಬಿಲ್ಲು, ಬಟ್ಟೆ ಒಗೆದ ಬಿಲ್ಲು, ಒಡೆದ ಗೀಸರು ಇವೆಲ್ಲ ಸೇರಿ ಹಿಂದೆ ವರ್ಷಕ್ಕೆ ಸುಮಾರು ಇಪ್ಪತ್ತು ಸಾವಿರ ರೂಪಾಯಿ ಕೈಬಿಟ್ಟು ಹೋಗುತ್ತಿತ್ತು. ಕಳೆದ ವರ್ಷ ಅದು ಏಳುನೂರು, ಎಂಟುನೂರಕ್ಕೆ ಇಳಿಯಿತು. ಎಚ್ಚರಿಸಿದವರಲ್ಲಿ ಇಬ್ಬರು ಈಗ ನಮ್ಮ ಕೌಂಟರಿನ ರಿಜಿಸ್ಟರು ನೋಡಿಹೋಗಿದ್ದಾರೆ. ಆದ್ದರಿಂದ ಇದನ್ನು ಬರೆದಿಡುವುದು ಒಳ್ಳೆಯದು ಎನಿಸಿತು.

ಇದಕ್ಕೆ ಮುಂಚೆ ನಾನು ಎರಡು ಸಾವಿರ ರೂಪಾಯಿ ಡಿಪಾಜಿಟ್ಟನ್ನು ಸ್ವೈಪ್ ಮಷೀನಿನಲ್ಲಿ ನೇರವಾಗಿ ಸೇಲ್ ಮಾಡಿ, ಹೊರಡುವಾಗ ರಿಫಂಡ್ ಕೊಡುತ್ತಿದ್ದೆ. ಕ್ರೆಡಿಟ್ ಕಾರ್ಡಾದರೆ ನಮ್ಮ ಬ್ಯಾಂಕು ಹಿಡಿಯುವ ಶುಲ್ಕ ಶೇಕಡಾ ಎರಡರ ಆಸುಪಾಸು, ಅದರ ಮೇಲೆ ಜಿಎಸ್‌ಟಿ. ಎರಡು ಸಾವಿರಕ್ಕೆ ಸುಮಾರು ನಲವತ್ತೈದು ರೂಪಾಯಿ ಹೋಗುತ್ತಿತ್ತು, ರಿಫಂಡ್ ಕೊಟ್ಟರೂ ಆ ನಲವತ್ತೈದು ನಮಗೆ ಮರಳುತ್ತಿರಲಿಲ್ಲ. ತಿಂಗಳಿಗೆ ನಲವತ್ತು ಅತಿಥಿಗಳೆಂದರೆ ಸಾವಿರದ ಎಂಟುನೂರು ರೂಪಾಯಿ ಸುಮ್ಮನೆ ನಷ್ಟ. ಅತಿಥಿಗೂ ರಿಫಂಡ್ ಸೇರಲು ಐದಾರು ದಿನ ಬೇಕಾಗುತ್ತಿತ್ತು, ಅಷ್ಟರಲ್ಲಿ ನಾಲ್ಕು ಫೋನು ಬರುತ್ತಿದ್ದವು. ಬ್ಲಾಕ್ ಮಾಡಿದಾಗ ಹಣ ನಮ್ಮ ಖಾತೆಗೆ ಬರುವುದೇ ಇಲ್ಲ. ಅತಿಥಿಯ ಬ್ಯಾಂಕು ಅಷ್ಟು ಮೊತ್ತವನ್ನು ಅವರ ಮಿತಿಯಲ್ಲಿ ಅಥವಾ ಖಾತೆಯಲ್ಲಿ ಬೇರೆಯಾಗಿ ತೆಗೆದಿರಿಸುತ್ತದೆ, ಅಷ್ಟೇ.

ಮೊದಲ ಅಡ್ಡಿ ಬ್ಯಾಂಕಿನಲ್ಲಿಯೇ ಎದುರಾಯಿತು. ನಮ್ಮ ಮಷೀನಿನಲ್ಲಿ PRE-AUTH ಎಂಬ ಆಯ್ಕೆಯೇ ಕಾಣುತ್ತಿರಲಿಲ್ಲ, ಕೇಳಿದರೆ ನಿಮ್ಮ ವರ್ಗಕ್ಕೆ ಅದು ಇಲ್ಲ ಎಂಬ ಉತ್ತರ ಬರುತ್ತಿತ್ತು. ಎರಡು ತಿಂಗಳು ಓಡಾಡಿದ ಮೇಲೆ ಕಾರಣ ತಿಳಿಯಿತು. ಅರ್ಜಿಯಲ್ಲಿ ನಾವು ‘ಹೋಟೆಲ್’ ಎಂದು ಬರೆದಿದ್ದೆವು. ನಮ್ಮ ಕಡೆ ಹೋಟೆಲ್ ಎಂದರೆ ಊಟ, ತಿಂಡಿಯ ಜಾಗ, ಹಾಗಾಗಿ ಶಾಖೆಯವರು ನಮ್ಮನ್ನು 5812 ಎಂಬ ಸಂಖ್ಯೆಯಡಿ ಊಟದ ಮನೆಯಾಗಿ ನೋಂದಾಯಿಸಿದ್ದರು. ತಂಗುವ ಕೋಣೆಗಳ ವ್ಯಾಪಾರಕ್ಕೆ ಇರುವುದು 7011. ಲಾಡ್ಜಿಂಗ್ ಲೈಸೆನ್ಸಿನ ಪ್ರತಿ ಕೊಟ್ಟು ಅದನ್ನು ಬದಲಾಯಿಸಿದ ಹತ್ತು ದಿನಗಳಲ್ಲಿ ಆಯ್ಕೆ ತೆರೆಯಿತು. ನಿಮ್ಮ ಮಷೀನಿನಲ್ಲಿಯೂ ಅದು ಕಾಣದಿದ್ದರೆ ಮೊದಲು ಈ ಸಂಖ್ಯೆಯನ್ನು ಕೇಳಿ ನೋಡಿ.

ದೊಡ್ಡ ಪೆಟ್ಟು ಬಿದ್ದದ್ದು ಆ ವರ್ಷದ ಡಿಸೆಂಬರಿನಲ್ಲಿ. ಹುಬ್ಬಳ್ಳಿಯ ಒಂದು ಕುಟುಂಬ ಡೆಬಿಟ್ ಕಾರ್ಡ್ ಕೊಟ್ಟಿತು, ನಾವು ಹತ್ತು ಸಾವಿರ ಬ್ಲಾಕ್ ಮಾಡಿದೆವು. ಹೊರಡುವ ದಿನ ಬಿಲ್ಲು ಎಂಟು ಸಾವಿರದ ಆರುನೂರು ಆಯಿತು. ಕೌಂಟರಿನಲ್ಲಿದ್ದ ನಮ್ಮ ಹುಡುಗ ಎಂದಿನಂತೆ SALE ಒತ್ತಿ, ಕಾರ್ಡ್ ಹಾಕಿಸಿ, ಪಿನ್ ಪಡೆದು ಬಿಲ್ಲು ಮುಗಿಸಿದ. ಹೊಸ ಸೇಲ್‌ಗೂ ಹಳೆಯ ಬ್ಲಾಕಿಗೂ ಸಂಬಂಧವಿದೆ ಎಂದು ಅವರ ಬ್ಯಾಂಕಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಖಾತೆಯಲ್ಲಿದ್ದ ಇಪ್ಪತ್ತೊಂದು ಸಾವಿರದಲ್ಲಿ ಹತ್ತು ಸಾವಿರ ತಡೆಯಲ್ಲಿ ಕುಳಿತು, ಎಂಟು ಸಾವಿರದ ಆರುನೂರು ಕಡಿತವಾಗಿ, ಎರಡು ಸಾವಿರದ ನಾನೂರು ಮಾತ್ರ ಉಳಿಯಿತು. ಅವರು ಅಂಕೋಲೆಯ ಪೆಟ್ರೋಲ್ ಬಂಕಿನಲ್ಲಿ ಮೂರು ಸಾವಿರದ ಡೀಸೆಲ್ ಹಾಕಿಸಿಕೊಂಡು ಕಾರ್ಡ್ ಕೊಟ್ಟಾಗ ಅದು ತಿರಸ್ಕೃತವಾಯಿತು. ಹೆಂಡತಿ, ಮಕ್ಕಳ ಎದುರಿಗೆ ಬಂಕಿನಲ್ಲಿ ನಿಂತು ಅವರು ನನಗೆ ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು. ಡೀಸೆಲಿನ ಹಣವನ್ನು ನಾನೇ ಫೋನಿನಿಂದ ಬಂಕಿಗೆ ಕಳುಹಿಸಿದೆ. ಬ್ಲಾಕ್ ತಾನಾಗಿ ಬಿಡುಗಡೆಯಾಗಲು ಸುಮಾರು ಎಂಟು ದಿನ ಹಿಡಿಯಿತು.

ಆ ವಾರವೇ ಅಮೆರಿಕದಲ್ಲಿರುವ ಅಕ್ಕನ ಮಗನ ಜೊತೆ ಮಾತನಾಡುವಾಗ ಅಲ್ಲಿನ ಬಂಕುಗಳ ವಿಷಯ ಬಂತು. ಅಲ್ಲಿ ಗಾಡಿಯವರು ಪಂಪಿಗೇ ಕಾರ್ಡ್ ಹಾಕಿದ ಮೇಲೆ ಇಂಧನ ಬರುತ್ತದೆ. ಎಷ್ಟು ತುಂಬುತ್ತದೆ ಎಂದು ಪಂಪಿಗೆ ಮೊದಲೇ ತಿಳಿಯದ ಕಾರಣ ಅದು ಒಂದು ದೊಡ್ಡ ಮೊತ್ತವನ್ನು, ಕೆಲವೆಡೆ 175 ಡಾಲರಿನವರೆಗೆ, ತಡೆಹಿಡಿಯುತ್ತದೆ. ಅವನು ತುಂಬಿಸಿದ್ದು ಮೂವತ್ತೆಂಟು ಡಾಲರಿನದಾದರೆ, ನಳಿಕೆಯನ್ನು ಸ್ವಸ್ಥಾನದಲ್ಲಿ ಇಟ್ಟ ಮೇಲೆ ಆ ಮೂವತ್ತೆಂಟರ ಅಂತಿಮ ಸಂದೇಶ ಅದೇ ಅನುಮತಿಯ ಬೆನ್ನಿಗೆ ಅವನ ಬ್ಯಾಂಕಿಗೆ ಹೋಗುತ್ತದೆ, ಉಳಿದದ್ದು ಬಿಡುಗಡೆಯಾಗುತ್ತದೆ. ಡೆಬಿಟ್ ಕಾರ್ಡಿನಲ್ಲಿ ಒಮ್ಮೊಮ್ಮೆ ಅದಕ್ಕೆ ಒಂದೆರಡು ದಿನ ಹಿಡಿಯುವುದರಿಂದ, ಖಾತೆಯಲ್ಲಿ ಹಣ ಕಡಿಮೆ ಇದ್ದಾಗ ಅವನು ಒಳಗೆ ಹೋಗಿ ಕ್ಯಾಷಿಯರಿಗೆ ಇಪ್ಪತ್ತು ಡಾಲರಿನದು ಸಾಕು ಎಂದು ಹೇಳಿಬಿಡುತ್ತಾನೆ, ಆಗ ತಡೆಯೂ ಇಪ್ಪತ್ತಕ್ಕೇ ನಿಲ್ಲುತ್ತದೆ. ನಮ್ಮ ಬಂಕುಗಳಲ್ಲಿ ಹುಡುಗ ಮೊದಲು ತುಂಬಿಸಿ, ಮೀಟರು ನೋಡಿ, ಆಮೇಲೆ ಅಷ್ಟೇ ಮೊತ್ತವನ್ನು ಸ್ವೈಪ್ ಮಾಡುವುದರಿಂದ ಈ ತಡೆಯ ಅಗತ್ಯ ಬೀಳುವುದಿಲ್ಲ. ಅವನ ಮಾತು ಕೇಳಿದಾಗ ನನ್ನ ತಪ್ಪು ಎಲ್ಲಿದೆ ಎಂದು ಹೊಳೆಯಿತು. ಹೆಚ್ಚುವರಿ ಹಣವನ್ನು ಬೇಗ ಬಿಡಿಸುವುದು ವ್ಯಾಪಾರಿ ಹಳೆಯ ಅನುಮತಿಗೆ ಜೋಡಿಸಿ ಕಳುಹಿಸುವ ಅಂತಿಮ ಸಂದೇಶ. ಅದು ಹೋಗದಿದ್ದರೆ ಮಾತ್ರ ಅವಧಿ ಮುಗಿಯುವವರೆಗೆ ಕಾಯಬೇಕು.

ಅಲ್ಲಿಂದ ಮುಂದೆ ನಾನು ಕೌಂಟರಿನಲ್ಲಿ SALE ಒತ್ತುವುದನ್ನು ಬ್ಲಾಕ್ ಇರುವ ಕೋಣೆಗಳಿಗೆ ಪೂರ್ತಿ ನಿಲ್ಲಿಸಿದೆ. ಒಂದು ಬಿಲ್ಲನ್ನು ಪೂರ್ತಿಯಾಗಿ ಹೇಳುತ್ತೇನೆ. ಮೂರು ರಾತ್ರಿ, ತೆರಿಗೆ ಸೇರಿ ರಾತ್ರಿಗೆ 2,800, ಒಟ್ಟು 8,400. ಊಟ ಮತ್ತು ಇತರ ಖರ್ಚಿಗೆಂದು ಸ್ವಲ್ಪ ಸೇರಿಸಿ 11,000 ಬ್ಲಾಕ್ ಮಾಡಿದೆವು. ಅತಿಥಿಯ ಕ್ರೆಡಿಟ್ ಕಾರ್ಡಿನಲ್ಲಿ 60,000 ಮಿತಿ ಉಳಿದಿತ್ತು, ಅದು 49,000ಕ್ಕೆ ಇಳಿಯಿತು. ಚೀಟಿಯಲ್ಲಿ ಬಂದ ಆರು ಅಕ್ಷರದ ಅಪ್ರೂವಲ್ ಕೋಡನ್ನು ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದೆವು. ಹೊರಡುವಾಗ ಬಿಲ್ಲು 9,350. ಮಷೀನಿನಲ್ಲಿ SALE COMPLETION ಒತ್ತಿ, ಆ ಕೋಡನ್ನೂ 9,350 ಎಂಬ ಮೊತ್ತವನ್ನೂ ನಮೂದಿಸಿದೆವು. ಅವರ ಬ್ಯಾಂಕು ಕೋಡು ಹೊಂದಿಸಿಕೊಂಡು 9,350 ಮಾತ್ರ ಹಿಡಿದು 1,650 ಬಿಟ್ಟಿತು. ಅವರು ಮಧ್ಯಾಹ್ನ ಗೋಕರ್ಣ ತಲುಪಿ ನೋಡಿದಾಗ ಮಿತಿ 50,650 ತೋರಿಸುತ್ತಿತ್ತು.

ಕೋಡನ್ನು ಪೆನ್ನಿನಿಂದ ಬರೆಯುವುದನ್ನು ಯಾರೂ ಹಗುರವಾಗಿ ಎಣಿಸಬಾರದು. ನಮ್ಮ ಕರಾವಳಿಯ ಸೆಕೆಯಲ್ಲಿ, ಕಿಟಕಿಯ ಬಿಸಿಲು ಬೀಳುವ ಮೇಜಿನ ಮೇಲೆ, ಮಷೀನಿನ ಚೀಟಿ ಎರಡೇ ವಾರದಲ್ಲಿ ಮಾಸಿ ಬಿಳಿಯ ಕಾಗದವಾಗುತ್ತದೆ. ಇನ್ನೊಂದು ತೊಂದರೆಯೆಂದರೆ ಕೆಲವು ಬ್ಯಾಂಕುಗಳ ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಒಮ್ಮೆ ಸೊನ್ನೆಯನ್ನು ಓ ಅಕ್ಷರವೆಂದು ಓದಿ ನಾಲ್ಕು ಸಲ ಪ್ರಯತ್ನಿಸಿ ಸೋತೆವು. ಈಗ ಸೊನ್ನೆಗೆ ಅಡ್ಡಗೆರೆ ಹಾಕಿ ಬರೆಯುತ್ತೇವೆ.

ಬಹಳಷ್ಟು ಅತಿಥಿಗಳು ಬರುವಾಗ ಕಾರ್ಡ್ ಕೊಟ್ಟು, ಹೊರಡುವಾಗ ಯುಪಿಐಯಲ್ಲಿ ಹಣ ಕೊಡುತ್ತಾರೆ. ಆಗ ಬ್ಲಾಕನ್ನು ರದ್ದು ಮಾಡಲೇಬೇಕು, ಅದನ್ನು REFUND ಒತ್ತಿ ಮಾಡಲಾಗದು. ರಿಫಂಡ್ ಎಂದರೆ ನಮ್ಮ ಖಾತೆಗೆ ಬಂದ ಹಣವನ್ನು ಮರಳಿಸುವುದು, ಇಲ್ಲಿ ಹಣ ಬಂದೇ ಇಲ್ಲ. PRE-AUTH CANCEL ಎಂಬ ಆಯ್ಕೆಯಲ್ಲಿ ಅದೇ ಕೋಡು, ಅದೇ ಮೊತ್ತ ಹಾಕಬೇಕು. ಆಷಾಢದ ಮಳೆಯಲ್ಲಿ ಮಷೀನಿನ ಸಿಮ್‌ಗೆ ನೆಟ್‌ವರ್ಕ್ ಸಿಗದೆ ಒಮ್ಮೆ ರದ್ದತಿ ಅರ್ಧದಲ್ಲಿಯೇ ನಿಂತಿತ್ತು. ಪರದೆ ಮೊದಲ ಪುಟಕ್ಕೆ ಮರಳಿದ್ದರಿಂದ ಕೆಲಸ ಆಯಿತೆಂದು ನಂಬಿದ್ದೆವು. ಈಗ ರದ್ದತಿಯ ಚೀಟಿ ಕೈಗೆ ಬಾರದೆ ರಿಜಿಸ್ಟರಿನ ಸಾಲಿಗೆ ಟಿಕ್ ಹಾಕುವುದಿಲ್ಲ. ರಾತ್ರಿ ಹತ್ತಕ್ಕೆ ಟಿಕ್ ಇಲ್ಲದ ಸಾಲುಗಳನ್ನು ನಾನೇ ಓದುತ್ತೇನೆ.

ಯಾವ ಕಾರ್ಡಿನಲ್ಲಿ ಎಷ್ಟು ಬೇಗ ಬಿಡುಗಡೆಯಾಗುತ್ತದೆ ಎಂದು ತಿಳಿಯಲು ಶಿರಸಿಯ ನಮ್ಮ ಭಾವನ ನೆರವು ಪಡೆದೆ. ಅವರು ಅಡಿಕೆ ವ್ಯವಹಾರಕ್ಕೆಂದು ತಿಂಗಳಿಗೊಮ್ಮೆ ಬಂದು ಒಂದು ರಾತ್ರಿ ನಮ್ಮಲ್ಲಿ ಹಣ ಕೊಟ್ಟೇ ಉಳಿಯುತ್ತಾರೆ. ಒಂದು ತಿಂಗಳು ಕ್ರೆಡಿಟ್ ಕಾರ್ಡ್, ಮತ್ತೊಂದು ತಿಂಗಳು ಡೆಬಿಟ್ ಕಾರ್ಡ್ ಕೊಡಿಸಿ, ಮೊಬೈಲಿನ ಸಂದೇಶಗಳನ್ನು ಬರೆದಿಡಿಸಿದೆ. ನೆನಪಿನಿಂದ ಹೇಳುವುದಾದರೆ, ರದ್ದು ಮಾಡಿದಾಗ ಕ್ರೆಡಿಟ್ ಕಾರ್ಡಿನ ಮಿತಿ ಕೆಲವು ನಿಮಿಷಗಳಲ್ಲಿ ಮರಳಿತು, ಡೆಬಿಟ್ ಕಾರ್ಡಿಗೆ ಒಂದೂವರೆ ದಿನ ಬೇಕಾಯಿತು. ಡೆಬಿಟ್ ಕಾರ್ಡಿನಲ್ಲಿ ಬ್ಲಾಕ್ ಆದಾಗಲೂ ಹಣ ‘ಕಡಿತವಾಗಿದೆ’ ಎಂದೇ ಸಂದೇಶ ಬರುತ್ತದೆ ಎಂಬುದು ಆಗ ಗೊತ್ತಾಯಿತು. “ಭಾವ, ನೀನು ದುಡ್ಡು ತಗಂಡೇ ಬಿಟ್ಯಲ್ಲಾ” ಎಂದು ಅವರೇ ಗಾಬರಿಯಾಗಿದ್ದರು. ಅಂದಿನಿಂದ ಪಿನ್ ಒತ್ತುವ ಮೊದಲೇ ಅತಿಥಿಗೆ ಈ ಸಂದೇಶದ ಬಗ್ಗೆ ಹೇಳುತ್ತೇವೆ, ದೂರಿನ ಫೋನುಗಳು ಮುಕ್ಕಾಲು ಪಾಲು ನಿಂತಿವೆ.

ಬ್ಲಾಕಿಗೆ ಆಯಸ್ಸು ಇದೆ. ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಬಂದ ಒಬ್ಬ ಎಂಜಿನಿಯರು ಐದು ವಾರ ನಮ್ಮಲ್ಲಿ ಉಳಿದರು. ಮೊದಲ ದಿನ ಮಾಡಿದ ಬ್ಲಾಕನ್ನು ನಂಬಿ ಕೊನೆಯ ದಿನ ಕೋಡು ಹಾಕಿದರೆ ಮಷೀನು ಒಪ್ಪಲಿಲ್ಲ. ಅವರ ಬ್ಯಾಂಕು ಅದನ್ನು ಎಂದೋ ಬಿಟ್ಟುಬಿಟ್ಟಿತ್ತು. ಅವರು ಸಜ್ಜನರಾದ್ದರಿಂದ ನಮ್ಮ ಹಣ ಉಳಿಯಿತು. ಈಗ ಐದು ರಾತ್ರಿಗಿಂತ ಹೆಚ್ಚು ಉಳಿಯುವವರಿಗೆ ಐದನೆಯ ದಿನ ಅಲ್ಲಿಯವರೆಗಿನ ಬಿಲ್ಲನ್ನು ಮುಗಿಸಿ, ಹೊಸ ಬ್ಲಾಕ್ ಮಾಡುತ್ತೇವೆ.

ಎಷ್ಟು ಹೆಚ್ಚು ಸೇರಿಸಿ ಬ್ಲಾಕ್ ಮಾಡಬೇಕು ಎಂಬುದಕ್ಕೆ ಕೋಣೆ, ಊಟ, ಸೀಸನ್ ನೋಡಿ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಎರಡು ವರ್ಷ ತಪ್ಪು ಮಾಡಿ ಗಳಿಸಿದ ಲೆಕ್ಕವಾದ್ದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನಮ್ಮ ಮಷೀನು ಬ್ಲಾಕ್ ಮಾಡಿದ ಮೊತ್ತಕ್ಕಿಂತ ಒಂದು ರೂಪಾಯಿ ಹೆಚ್ಚಿದ್ದರೂ ಒಪ್ಪುವುದಿಲ್ಲ, ಮೀರಿದ್ದಕ್ಕೆ ಬೇರೆ ಸೇಲ್ ಮಾಡಬೇಕಾಗುತ್ತದೆ ಎಂಬುದನ್ನು ಮಾತ್ರ ಗಮನದಲ್ಲಿಟ್ಟು ನಿಮ್ಮ ಲೆಕ್ಕ ಹಾಕಿಕೊಳ್ಳಿ.

ಕೆಲವು ಡೆಬಿಟ್ ಕಾರ್ಡುಗಳಲ್ಲಿ ನಾವು ಎಲ್ಲವನ್ನೂ ಸರಿಯಾಗಿ ಮಾಡಿದರೂ ಹಣ ಮರಳಲು ಈಗಲೂ ದಿನಗಳು ಹಿಡಿಯುತ್ತವೆ. ಅಂಥವರಿಗೆ ನಮ್ಮ ತಲೆಬರಹದ ಕಾಗದದಲ್ಲಿ ಬ್ಲಾಕ್ ಮಾಡಿದ ದಿನಾಂಕ, ಮೊತ್ತ, ಅಪ್ರೂವಲ್ ಕೋಡು, ರದ್ದು ಮಾಡಿದ ಸಮಯ ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಬರೆದು, ಸೀಲು ಹಾಕಿ, ರದ್ದತಿ ಚೀಟಿಯ ಫೋಟೊದೊಂದಿಗೆ ಕಳುಹಿಸುತ್ತೇವೆ. ಕಳೆದ ಮಾರ್ಚಿನಲ್ಲಿ ಬೆಳಗಾವಿಯ ಅತಿಥಿಯೊಬ್ಬರು ಆ ಕಾಗದವನ್ನು ತಮ್ಮ ಶಾಖೆಗೆ ಬೆಳಿಗ್ಗೆ ಕೊಟ್ಟಿದ್ದರು. ಸಂಜೆಗೆ ಆರು ಸಾವಿರ ಬಿಡುಗಡೆಯಾದ ಸಂದೇಶವನ್ನು ಅವರೇ ನನಗೆ ಕಳುಹಿಸಿದರು.