360ಕ್ಕೆ ಎಷ್ಟು ಅಪವರ್ತನಗಳು? ಪಟ್ಟಿ ಮಾಡದೆ ಎಣಿಸಲು ಕಲಿಸಿದ ಬಗೆ

ಕೋಲಾರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಎಂಟನೇ ತರಗತಿಯ ಮಕ್ಕಳನ್ನು ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಗೆ ಅಣಿಗೊಳಿಸುವಾಗ ಅಪವರ್ತನಗಳನ್ನು ಎಣಿಸುವ ಲೆಕ್ಕವನ್ನು ನಾನು ಅವಸರ ಮಾಡದೆ ಹೇಳಿಕೊಡುತ್ತೇನೆ. ಘಾತಾಂಕಕ್ಕೆ ಒಂದು ಕೂಡಿಸಿ ಗುಣಿಸು ಎಂದರೆ ಐದು ನಿಮಿಷದಲ್ಲಿ ಪಾಠ ಮುಗಿಯುತ್ತದೆ. ಆದರೆ ಹಾಗೆ ಕಲಿತ ಮಗುವಿಗೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಕೈ ನಿಲ್ಲುತ್ತದೆ.

ಟೊಮೆಟೊ ಮಾರುಕಟ್ಟೆ ಕಂಡ ಮಕ್ಕಳಿಗೆ ನಾನು ಕೊಡುವ ಪ್ರಶ್ನೆ ಇದು: 360 ಕ್ರೇಟುಗಳನ್ನು ನೆಲದ ಮೇಲೆ ಸಮನಾದ ಸಾಲುಗಳಲ್ಲಿ ಇಡಬೇಕು, ಒಂದೂ ಉಳಿಯಬಾರದು. ಸಾಲುಗಳ ಸಂಖ್ಯೆ ಏನೇನಾಗಬಹುದು? ಮೊದಲು ಅವರ ಪಾಡಿಗೆ ಬಿಡುತ್ತೇನೆ. 1, 2, 3, 4, 5, 6 ಎಂದು ಬರೆದುಕೊಂಡು ಹೋಗುತ್ತಾರೆ. 12ರವರೆಗೆ ಎಲ್ಲರ ಪಟ್ಟಿಯೂ ಒಂದೇ. ಆಮೇಲೆ ಒಬ್ಬರು 24ನ್ನು ಬಿಟ್ಟಿರುತ್ತಾರೆ, ಇನ್ನೊಬ್ಬರು 45ನ್ನು ಬಿಟ್ಟಿರುತ್ತಾರೆ. ಪಟ್ಟಿ ಪೂರ್ತಿಯಾಯಿತೆಂದು ಧೈರ್ಯವಾಗಿ ಹೇಳುವವರು ಯಾರೂ ಇರುವುದಿಲ್ಲ. ನನಗೆ ಬೇಕಾದದ್ದು ಆ ಅನುಮಾನವೇ.

ನಂತರ 360ನ್ನು ಭಾಗಿಸುತ್ತ ಹೋಗಿ 2 × 2 × 2 × 3 × 3 × 5 ಎಂದು ಬರೆಸುತ್ತೇನೆ. ಅಂದರೆ 2³ × 3² × 5. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: 360ರ ಯಾವುದೇ ಅಪವರ್ತನದೊಳಗೆ ಈ ಮೂರು ಅವಿಭಾಜ್ಯಗಳನ್ನು ಬಿಟ್ಟು ಬೇರೊಂದು ಇರಲು ಸಾಧ್ಯವಿಲ್ಲ, ಇರುವುದೂ ಈ ಮಿತಿಯೊಳಗೇ. 7 ಬರಲಾರದು, ನಾಲ್ಕನೆಯ 2 ಬರಲಾರದು. ಹಾಗಾದರೆ ಒಂದು ಅಪವರ್ತನವನ್ನು ಕಟ್ಟಲು ತೀರ್ಮಾನಿಸಬೇಕಾದದ್ದು ಮೂರೇ: ಎಷ್ಟು 2 ತೆಗೆದುಕೊಳ್ಳುವುದು, ಎಷ್ಟು 3, ಎಷ್ಟು 5.

2ರ ವಿಷಯದಲ್ಲಿ ಎಷ್ಟು ಆಯ್ಕೆ ಎಂದು ಕೇಳಿದರೆ ಇಡೀ ತರಗತಿ "ಮೂರು ಸರ್" ಎನ್ನುತ್ತದೆ. ಒಂದೂ ತೆಗೆದುಕೊಳ್ಳದಿದ್ದರೆ ಆಗದೇ ಎಂದು ಕೇಳುತ್ತೇನೆ. 15ನ್ನು ನೋಡಿ, ಅದರಲ್ಲಿ 2 ಇಲ್ಲವೇ ಇಲ್ಲ, ಆದರೂ ಅದು 360ನ್ನು ಭಾಗಿಸುತ್ತದೆ. ಹಾಗಾಗಿ ಸೊನ್ನೆ, ಒಂದು, ಎರಡು, ಮೂರು ಎಂದು ನಾಲ್ಕು ಆಯ್ಕೆಗಳು. ಸೂತ್ರದಲ್ಲಿ ಕೂಡಿಸುವ ಆ ಒಂದು ಈ ಸೊನ್ನೆಯಿಂದಲೇ ಬಂದದ್ದು. 3ಕ್ಕೆ ಮೂರು ಆಯ್ಕೆ, 5ಕ್ಕೆ ಎರಡು.

ಗುಣಿಸುವುದೇಕೆ, ಕೂಡಿಸಬಾರದೇಕೆ ಎಂಬುದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಬೋರ್ಡಿನ ಮೇಲೆ ಬರೆದು ತೋರಿಸುವುದು ಮೇಲು. 5ನ್ನು ಬದಿಗಿಟ್ಟು ಮೂರು ಸಾಲು ಬರೆಯುತ್ತೇನೆ:

1, 2, 4, 8
3, 6, 12, 24
9, 18, 36, 72

ಅಡ್ಡಕ್ಕೆ ಹೋದಂತೆ ಒಂದೊಂದು 2 ಸೇರುತ್ತದೆ, ಕೆಳಗಿಳಿದಂತೆ ಒಂದೊಂದು 3. ಇಲ್ಲಿಗೆ 12 ಸಂಖ್ಯೆಗಳಾದವು. ಈ ಇಡೀ ಚೌಕವನ್ನು 5ರಿಂದ ಗುಣಿಸಿ ಪಕ್ಕದಲ್ಲಿ ಬರೆದರೆ 5, 10, 20, 40ರಿಂದ ಶುರುವಾಗಿ 360ರಲ್ಲಿ ಮುಗಿಯುವ ಇನ್ನೊಂದು 12. ಒಟ್ಟು 4 × 3 × 2 = 24. ಆಗ ಮಕ್ಕಳು ತಮ್ಮ ಪಟ್ಟಿಯಲ್ಲಿ ಬಿಟ್ಟುಹೋದ ಸಂಖ್ಯೆ ಯಾವ ಸಾಲಿನಲ್ಲಿ ಕುಳಿತಿದೆ ಎಂದು ತಾವೇ ಬೆರಳಿಟ್ಟು ತೋರಿಸುತ್ತಾರೆ.

ಮಕ್ಕಳ ಪುಸ್ತಕಗಳಲ್ಲಿ ಎರಡು ಬಗೆಯ ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಒಂದರಲ್ಲಿ ಉತ್ತರ 64 ಎಂದಿರುತ್ತದೆ. ಆರು ಅವಿಭಾಜ್ಯಗಳಿವೆ, ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಆದ್ದರಿಂದ ಎರಡನ್ನು ಆರು ಬಾರಿ ಗುಣಿಸಿದ್ದೇನೆ ಎನ್ನುವುದು ಆ ಮಗುವಿನ ವಾದ. ಬಹಳ ಚೆನ್ನಾಗಿ ಯೋಚಿಸಿದ ತಪ್ಪು ಅದು. ಮೊದಲನೆಯ 2 ತೆಗೆದುಕೊಂಡರೂ ಮೂರನೆಯ 2 ತೆಗೆದುಕೊಂಡರೂ ಸಿಗುವುದು ಅದೇ 2 ಎಂದು ತೋರಿಸಿದರೆ ಸಾಕು. ಒಂದೇ ಅಪವರ್ತನವನ್ನು ಹಲವು ಸಲ ಎಣಿಸಿದ್ದರಿಂದ ಉತ್ತರ ಉಬ್ಬಿದೆ.

ಇನ್ನೊಂದರಲ್ಲಿ ಉತ್ತರ 6. ಇಲ್ಲಿ 360ನ್ನು 6² × 10 ಎಂದು ಒಡೆದು 3 × 2 ಮಾಡಿರುತ್ತಾರೆ. ಒಡೆದದ್ದು ಸರಿ, ಆದರೆ 6 ಮತ್ತು 10 ಅವಿಭಾಜ್ಯಗಳಲ್ಲ. ಈ ದಾರಿಯಲ್ಲಿ ಸಿಗುವುದು 1, 6, 36, 10, 60, 360 ಮಾತ್ರ. 2ನ್ನಾಗಲಿ 3ನ್ನಾಗಲಿ ಒಂಟಿಯಾಗಿ ತೆಗೆಯಲು ಬಾಗಿಲೇ ಇಲ್ಲ. ಆದ್ದರಿಂದ ಎಣಿಕೆಗೆ ಮುಂಚೆ ಪ್ರತಿ ಆಧಾರವೂ ಅವಿಭಾಜ್ಯವೇ ಎಂದು ನೋಡಿಕೊಳ್ಳಲು ಹೇಳುತ್ತೇನೆ.

ಆಯ್ಕೆಗಳ ಲೆಕ್ಕ ಮನಸ್ಸಿಗೆ ಹತ್ತಿದ ಮೇಲೆ ಉಳಿದ ಪ್ರಶ್ನೆಗಳಿಗೆ ಬೇರೆ ಸೂತ್ರ ಬೇಡ. 360ರ ಅಪವರ್ತನಗಳಲ್ಲಿ ಸಮಸಂಖ್ಯೆಗಳೆಷ್ಟು? ಒಂದಾದರೂ 2 ಇರಲೇಬೇಕು, ಹಾಗಾಗಿ 2ಕ್ಕೆ ಮೂರೇ ಆಯ್ಕೆ: 3 × 3 × 2 = 18. ಪೂರ್ಣ ವರ್ಗಗಳೆಷ್ಟು? 2ರ ಘಾತಾಂಕ 0 ಅಥವಾ 2, 3ರದ್ದೂ ಹಾಗೆಯೇ, 5ರದ್ದು 0 ಮಾತ್ರ. ಒಟ್ಟು ನಾಲ್ಕು: 1, 4, 9, 36.

ನನಗೆ ತೀರಾ ಇಷ್ಟವಾದದ್ದು ಇದರ ತಿರುವುಮುರುವು ಪ್ರಶ್ನೆ. ಸರಿಯಾಗಿ 12 ಅಪವರ್ತನಗಳಿರುವ ಅತಿ ಚಿಕ್ಕ ಸಂಖ್ಯೆ ಯಾವುದು? 12ನ್ನು ಗುಣಲಬ್ಧವಾಗಿ ಒಡೆಯುವ ಬಗೆಗಳು ನಾಲ್ಕು: 12, 6 × 2, 4 × 3, 3 × 2 × 2. ಪ್ರತಿಯೊಂದರಿಂದ ಒಂದು ಕಳೆದರೆ ಘಾತಾಂಕ ಸಿಗುತ್ತದೆ. ದೊಡ್ಡ ಘಾತಾಂಕವನ್ನು ಚಿಕ್ಕ ಅವಿಭಾಜ್ಯಕ್ಕೆ ಕೊಡಬೇಕು. ಹಾಗೆ ಮಾಡಿದರೆ 2¹¹ = 2048, 2⁵ × 3 = 96, 2³ × 3² = 72, 2² × 3 × 5 = 60. ಉತ್ತರ 60.

ಇದನ್ನು ನೋಡಿದ ಮಕ್ಕಳು ಹೆಚ್ಚು ತುಂಡು ಮಾಡಿದಷ್ಟೂ ಸಂಖ್ಯೆ ಚಿಕ್ಕದಾಗುತ್ತದೆ ಎಂದುಕೊಳ್ಳುತ್ತಾರೆ. ಆಗ 8 ಅಪವರ್ತನಗಳ ಪ್ರಶ್ನೆ ಕೊಡುತ್ತೇನೆ. 2 × 2 × 2 ಎಂದು ಒಡೆದರೆ 2 × 3 × 5 = 30. ಆದರೆ 4 × 2 ಎಂದು ಒಡೆದರೆ 2³ × 3 = 24! ಕಾರಣ ಸರಳ. 6ಕ್ಕೆ ನಾಲ್ಕು ಅಪವರ್ತನಗಳಿವೆ. ಅದನ್ನು ಎಂಟಾಗಿಸಲು ಎರಡು ದಾರಿ: ಹೊಸ ಅವಿಭಾಜ್ಯವಾಗಿ 5ರಿಂದ ಗುಣಿಸಬಹುದು, ಇಲ್ಲವೇ ಇರುವ 2ರ ಘಾತಾಂಕವನ್ನು 1ರಿಂದ 3ಕ್ಕೆ ಏರಿಸಬಹುದು, ಅಂದರೆ 4ರಿಂದ ಗುಣಿಸಬಹುದು. 5ಕ್ಕಿಂತ 4 ಚಿಕ್ಕದು. 8ರಿಂದ 16ಕ್ಕೆ ಹೋಗುವಾಗ ಮಾತ್ರ 5ರ ಸರದಿ ಬರುತ್ತದೆ, ಉತ್ತರ 120. ಶ್ರೀನಿವಾಸ ರಾಮಾನುಜನ್ 1915ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧವೊಂದರ ವಿಷಯ ಇದಕ್ಕೆ ನೆಂಟನೇ: ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ತನ್ನಷ್ಟು ಅಪವರ್ತನಗಳಿಲ್ಲದ ಸಂಖ್ಯೆಗಳು. ನಮ್ಮ 24, 60, 120, 360 ಎಲ್ಲವೂ ಆ ಸಾಲಿನವೇ.

ಈ ವಿಧಾನದ ಕಷ್ಟವೆಲ್ಲ ಇರುವುದು ಒಡೆಯುವುದರಲ್ಲಿ. 2021 ಕೊಟ್ಟರೆ ಮಕ್ಕಳು 2, 3, 5, 7, 11, 13 ಎಂದು ಭಾಗಿಸಿ ನೋಡಿ, 19 ಅಥವಾ 23ರ ಹೊತ್ತಿಗೆ ದಣಿದು, ಇದು ಅವಿಭಾಜ್ಯ, ಎರಡೇ ಅಪವರ್ತನಗಳು ಎಂದು ಬರೆದುಬಿಡುತ್ತಾರೆ. ಎಲ್ಲಿಯವರೆಗೆ ನೋಡಬೇಕೆಂಬುದನ್ನು ಊಹೆಗೆ ಬಿಡಬಾರದು. 44 × 44 = 1936, 45 × 45 = 2025. ಆದ್ದರಿಂದ 44ರೊಳಗಿನ ಅವಿಭಾಜ್ಯಗಳನ್ನೆಲ್ಲ ನೋಡಿಯೇ ತೀರಬೇಕು. ಅಲ್ಲಿಯವರೆಗೂ ಸಿಗದಿದ್ದರೆ ಮುಂದೆ ಹುಡುಕುವ ಅಗತ್ಯವಿಲ್ಲ. 37ರಿಂದ ಹೋಗುವುದಿಲ್ಲ, 41ರಿಂದಲೂ ಹೋಗುವುದಿಲ್ಲ. ಉಳಿದದ್ದು 43 ಒಂದೇ, ಅದು ಭಾಗಿಸುತ್ತದೆ: 43 × 47. ಅಪವರ್ತನಗಳು ನಾಲ್ಕು.