ಕೆಲಸ ಮುಗಿದ ಮೇಲೆ ಗಿರಾಕಿಯಿಂದ ನಾಲ್ಕು ಮಾತು: ಕೇಳುವುದು ಹೇಗೆ?

ಅಡುಗೆಮನೆ ಇಂಟೀರಿಯರ್ ಕೆಲಸ ಮಾಡುವ ನಮ್ಮಂಥವರಿಗೆ ಹೊಸ ಗಿರಾಕಿ ಬರುವುದೇ ಹಳೆಯ ಗಿರಾಕಿಯ ಮಾತಿನಿಂದ. ಹಾಗಾಗಿ ಕೆಲಸ ಚೆನ್ನಾಗಿ ಆದಾಗ ಅವರಿಂದ ನಾಲ್ಕು ಸಾಲು ಬರೆಸಿಕೊಳ್ಳಬೇಕು ಅಂತ ಎಲ್ಲರಿಗೂ ಇರುತ್ತದೆ. ಆದರೆ ಬಹಳ ಜನ ಕೇಳುವುದು ಹೀಗೆ: ‘ಸರ್, ನಮ್ಮ ಬಗ್ಗೆ ಒಂದು ಒಳ್ಳೆ ಫೀಡ್‌ಬ್ಯಾಕ್ ಬರೆದುಕೊಡಿ.’ ಆ ಕಡೆಯಿಂದ ‘ಆಯ್ತು, ಬರೆಯೋಣ’ ಅಂತ ಉತ್ತರ ಬರುತ್ತದೆ. ಆಮೇಲೆ ಏನೂ ಬರುವುದಿಲ್ಲ. ಅವರಿಗೆ ಮನಸ್ಸಿಲ್ಲ ಅಂತಲ್ಲ. ಏನು ಬರೆಯಬೇಕು, ಎಷ್ಟು ಬರೆಯಬೇಕು, ಬರೆದದ್ದು ಎಲ್ಲಿಗೆ ಹೋಗುತ್ತದೆ, ಇದ್ಯಾವುದೂ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸವನ್ನು ಯಾರೇ ಆದರೂ ನಾಳೆಗೆ ಹಾಕುತ್ತಾರೆ.

ಯಾವಾಗ ಕೇಳಬೇಕು

ಬಾಕಿ ಬಿಲ್ ಕೊಡುವ ದಿನ ಬೇಡ. ದುಡ್ಡಿನ ಮಾತಿನ ಜೊತೆಗೆ ಈ ಮಾತು ಬಂದರೆ ಎರಡೂ ಕೆಡುತ್ತವೆ. ಬಾಗಿಲು ಉಜ್ಜುತ್ತಿದೆ, ಡ್ರಾಯರ್ ಪೂರ್ತಿ ಮುಚ್ಚುತ್ತಿಲ್ಲ ಎಂಬಂಥ ಚಿಲ್ಲರೆ ರಿಪೇರಿ ಬಾಕಿ ಇದ್ದರೂ ಬೇಡ. ಎಲ್ಲ ಸರಿಮಾಡಿ, ಅವರು ಎರಡು ಮೂರು ವಾರ ಅಡುಗೆ ಮಾಡಿದ ಮೇಲೆ ಕೇಳಿ. ಹೊಸದರಲ್ಲಿ ‘ಚೆನ್ನಾಗಿದೆ’ ಬಿಟ್ಟು ಬೇರೇನೂ ಹೇಳಲು ಅವರಿಗೂ ತೋಚುವುದಿಲ್ಲ.

ಅವರೇ ಫೋನಿನಲ್ಲೋ ವಾಟ್ಸಾಪ್‌ನಲ್ಲೋ ಖುಷಿಯಿಂದ ಏನಾದರೂ ಹೇಳಿದರೆ, ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಅದೇ ದಿನ ಕೇಳಿ.

ಏನಂತ ಕೇಳಬೇಕು

ಎಲ್ಲರೂ ಎಡವುವುದು ಇಲ್ಲಿ. ನಮ್ಮದೇ ಒಂದು ಕೆಲಸದ ಉದಾಹರಣೆ ಹೇಳುತ್ತೇನೆ. ಮೈಸೂರಿನ ಒಂದು ಮನೆ. ಮೇಡಂ ಕೆಲಸಕ್ಕೆ ಹೋಗುತ್ತಾರೆ, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಗ್ರೈಂಡರ್ ನೆಲದ ಮೇಲೆ ಮೂಲೆಯಲ್ಲಿತ್ತು. ನಾವು ಅದಕ್ಕೆ ಸೊಂಟದೆತ್ತರದಲ್ಲಿ, ಹೊರಗೆಳೆಯುವ ಗಟ್ಟಿ ಹಲಗೆ ಮಾಡಿಕೊಟ್ಟೆವು. ಮೂರು ವಾರ ಬಿಟ್ಟು ಮೇಡಂ ಮೆಸೇಜ್ ಮಾಡಿದರು: ‘ಅಮ್ಮ ಈಗ ಒಬ್ರೇ ದೋಸೆ ಹಿಟ್ಟು ರುಬ್ಕೋತಾರೆ.’ ನಾನು ಹೀಗೆ ಬರೆದೆ:

‘ಮೇಡಂ, ಅಮ್ಮನ ವಿಷಯ ಕೇಳಿ ತುಂಬಾ ಖುಷಿಯಾಯ್ತು. ಒಂದು ಸಣ್ಣ ಸಹಾಯ ಬೇಕಿತ್ತು. ಮನೆಯಲ್ಲಿ ವಯಸ್ಸಾದವರಿದ್ದಾರೆ ಅಂತ ಅಡುಗೆಮನೆ ಮಾಡಿಸೋಕೆ ಬರುವವರಿಗೆ ನಿಮ್ಮ ಅನುಭವ ಓದಿದರೆ ಅನುಕೂಲ ಆಗುತ್ತೆ. ಈ 3 ಪ್ರಶ್ನೆಗೆ ಒಂದೊಂದು ಸಾಲು ಸಾಕು. ವಾಯ್ಸ್ ಮೆಸೇಜ್ ಆದರೂ ಆಗುತ್ತೆ. ಮೊದಲು ಅಡುಗೆಮನೆಯಲ್ಲಿ ಏನು ಕಷ್ಟ ಇತ್ತು? ನಮಗೆ ಕೆಲಸ ಕೊಡುವ ಮುಂಚೆ ಏನಾದರೂ ಅನುಮಾನ ಇತ್ತಾ? ಈಗ ದಿನಾ ಬಳಸುವಾಗ ಏನು ಬದಲಾಗಿದೆ? ನೀವು ಹೇಳಿದ್ದನ್ನು ನಾನೇ ಜೋಡಿಸಿ ನಿಮಗೆ ಕಳಿಸುತ್ತೇನೆ. ನೀವು ಸರಿ ಅಂದ ಮೇಲಷ್ಟೇ ನಮ್ಮ ವೆಬ್‌ಸೈಟಿಗೆ ಹಾಕುತ್ತೇನೆ. ಹೆಸರು ಬೇಡ ಅಂದರೆ ಊರು ಮಾತ್ರ ಹಾಕೋಣ. ಆಗಲ್ಲ ಅಂದರೂ ಏನೂ ಬೇಜಾರಿಲ್ಲ ಮೇಡಂ.’

ಇದರಲ್ಲಿ ‘ಒಳ್ಳೆಯ’ ಎಂಬ ಪದ ಎಲ್ಲೂ ಇಲ್ಲ, ನೋಡಿ. ಒಳ್ಳೆಯದು ಬರೆಯಿರಿ ಅಂದರೆ ಹೊಗಳಿಕೆ ಕೇಳಿದ ಹಾಗಾಗುತ್ತದೆ, ಎದುರಿನವರಿಗೆ ಮುಜುಗರ. ಕಷ್ಟ ಏನಿತ್ತು ಅಂದರೆ ಅವರು ಹೇಳಬೇಕಾದ್ದು ತಮ್ಮ ಮನೆಯ ಕಥೆ. ಅದಕ್ಕೆ ಯಾರೂ ಯೋಚಿಸಬೇಕಿಲ್ಲ.

ಎರಡನೇ ಪ್ರಶ್ನೆಯನ್ನು ಕೇಳಲು ಜನ ಹೆದರುತ್ತಾರೆ. ನನ್ನ ಪ್ರಕಾರ ಮೂರರಲ್ಲಿ ಅದೇ ಮುಖ್ಯ. ಮುಂದೆ ಓದುವ ಗಿರಾಕಿಗೂ ಅದೇ ಅನುಮಾನ ಇರುತ್ತದೆ, ಅಲ್ವಾ? ಇನ್ನು ‘ಒಂದೊಂದು ಸಾಲು’ ಅಂತ ಅಳತೆ ಹೇಳಲೇಬೇಕು. ಇಲ್ಲದಿದ್ದರೆ ಪುಟಗಟ್ಟಲೆ ಬರೆಯಬೇಕೇನೋ ಅಂದುಕೊಳ್ಳುತ್ತಾರೆ. ಕೊನೆಯ ‘ಆಗಲ್ಲ ಅಂದರೂ’ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಬೇಡ ಅನ್ನಲು ದಾರಿ ಇದ್ದಾಗ ಹೂಂ ಅನ್ನುವುದು ಸುಲಭ.

ಫೋಟೊ, ವಿಡಿಯೊ, ರಿವ್ಯೂ ಎಲ್ಲ ಒಂದೇ ಮೆಸೇಜಿನಲ್ಲಿ ಕೇಳಬೇಡಿ. ಒಂದು ಸಲಕ್ಕೆ ಒಂದು. ಲಾಗಿನ್ ಕೇಳುವ ಫಾರ್ಮ್ ಆಪ್‌ಗಳೂ ಬೇಡ. ಪಾಸ್‌ವರ್ಡ್ ಹಾಕಬೇಕಾದ ಜಾಗಕ್ಕೆ ಬಂದ ಕೂಡಲೇ ಜನ ಬಿಟ್ಟುಬಿಡುತ್ತಾರೆ. ದಿನಾ ಮಾತಾಡುವ ವಾಟ್ಸಾಪ್ ಸಾಕು.

ಬಂದ ಮಾತನ್ನು ಜೋಡಿಸುವುದು

ಆ ಮೇಡಂ ರಾತ್ರಿ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ನಾನು ಕೂತು ಬರೆದುಕೊಂಡು ಇಷ್ಟಕ್ಕೆ ಇಳಿಸಿದೆ:

‘ಅಮ್ಮನಿಗೆ ಮಂಡಿ ನೋವು, ಬಗ್ಗಿ ರುಬ್ಬೋಕೆ ಆಗ್ತಿರಲಿಲ್ಲ. ಇವರು ಹೇಳಿದ 20 ದಿನಕ್ಕೆ ಮುಗಿಸಲ್ಲ ಅಂದ್ಕೊಂಡಿದ್ದೆ, 24 ದಿನ ಆಯ್ತು. ಆದ್ರೆ ದಿನಾ ಸಂಜೆ ಎಷ್ಟು ಕೆಲಸ ಆಯ್ತು ಅಂತ ಹೇಳ್ತಿದ್ರು. ಈಗ ಅಮ್ಮ ನಿಂತುಕೊಂಡೇ ಒಬ್ರೇ ಹಿಟ್ಟು ರುಬ್ಕೋತಾರೆ.’

ನಾಲ್ಕು ದಿನ ತಡವಾದದ್ದನ್ನು ತೆಗೆಯಬಾರದು. ಅದು ಇದ್ದರೇ ಉಳಿದದ್ದು ನಿಜ ಅನ್ನಿಸುತ್ತದೆ. ಅವರ ‘ರುಬ್ಕೋತಾರೆ’ಯನ್ನು ‘ರುಬ್ಬಿಕೊಳ್ಳುತ್ತಾರೆ’ ಮಾಡಲೂ ಬಾರದು. ‘ಅತ್ಯುತ್ತಮ ಗುಣಮಟ್ಟದ ಸೇವೆ’ ಅಂತ ನಮ್ಮ ಕಡೆಯಿಂದ ಸೇರಿಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ, ಅದು ಯಾವ ಮನೆಯವರೂ ಆಡುವ ಮಾತಲ್ಲ. ಉದ್ದ ಕಡಿಮೆ ಮಾಡಬಹುದು, ಮುಂದಿನದನ್ನು ಹಿಂದೆ ಹಾಕಬಹುದು. ಹೊಸ ಮಾತು ಸೇರಿಸಬಾರದು.

ಜೋಡಿಸಿದ್ದನ್ನು ವಾಪಸ್ ಕಳಿಸಿ ‘ಇದರಲ್ಲಿ ಏನಾದರೂ ಬದಲಾಯಿಸಬೇಕಾ?’ ಅಂತ ಕೇಳಿ. ಮೇಡಂ ಒಂದೇ ತಿದ್ದುಪಡಿ ಹೇಳಿದರು: ‘ಮಂಡಿ ನೋವು ಅಂತ ಬೇಡ, ವಯಸ್ಸಾಗಿದೆ ಅಂತ ಹಾಕಿ.’ ನನಗೆ ಅದು ಹೊಳೆದೇ ಇರಲಿಲ್ಲ. ಮನೆಯವರ ಆರೋಗ್ಯದ ವಿಷಯ ಹೊರಗೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಹೆಸರಿನ ಬದಲು ‘ಮೈಸೂರಿನ ಗ್ರಾಹಕರು’ ಅಂತ ಹಾಕಲು ಒಪ್ಪಿದರು.

ಗೂಗಲ್ ರಿವ್ಯೂ ಬೇರೆ

ಗೂಗಲ್‌ನಲ್ಲಿ ಬೇಕಿದ್ದರೆ ಆಮೇಲೆ ಲಿಂಕ್ ಕಳಿಸಿ, ಅವರೇ ತಮ್ಮ ಅಕೌಂಟಿನಿಂದ ಬರೆಯಲಿ. ನೀವು ಬರೆದುಕೊಟ್ಟದ್ದನ್ನು ಅಲ್ಲಿ ಹಾಕಿಸಬೇಡಿ. ರಿವ್ಯೂಗೆ ಬದಲಾಗಿ ಡಿಸ್ಕೌಂಟ್, ಗಿಫ್ಟ್, ಫ್ರೀ ಸರ್ವೀಸ್ ಕೊಡುವುದನ್ನು ಗೂಗಲ್ ನಿಯಮವೇ ಒಪ್ಪುವುದಿಲ್ಲ. ಖುಷಿಯಾಗಿರುವವರಿಗೆ ಮಾತ್ರ ಲಿಂಕ್ ಕಳಿಸಿ ಬೇರೆಯವರನ್ನು ತಡೆಯುವುದಕ್ಕೂ ಅಲ್ಲಿ ಅವಕಾಶವಿಲ್ಲ, ಕಳಿಸುವುದಾದರೆ ಎಲ್ಲ ಗಿರಾಕಿಗಳಿಗೂ ಕಳಿಸಿ. ಇಷ್ಟು ದುಡ್ಡಿಗೆ ಇಷ್ಟು ರಿವ್ಯೂ ಅಂತ ಮಾರುವವರು ಫೋನ್ ಮಾಡುತ್ತಾರೆ. ಅವರ ಹತ್ತಿರ ಹೋಗಲೇಬೇಡಿ. ನಮ್ಮ ದೇಶದಲ್ಲೂ 2022ರಿಂದ ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಅಂತ, ಭಾರತೀಯ ಮಾನಕ ಬ್ಯೂರೋ ಅಂದರೆ ಬಿಐಎಸ್ ಮಾಡಿದ ಮಾನದಂಡ ಇದೆ. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಅದಕ್ಕೂ ಹೊಂದುವುದಿಲ್ಲ.

ಉತ್ತರ ಬರದಿದ್ದರೆ

ಒಂದು ವಾರ ಬಿಟ್ಟು ಒಂದೇ ಒಂದು ಸಲ ನೆನಪಿಸಿ. ಅದೇ ಮೆಸೇಜನ್ನು ಮತ್ತೆ ಹಾಕಬೇಡಿ, ಇನ್ನೂ ಚಿಕ್ಕದು ಮಾಡಿ: ‘ಮೇಡಂ, ಅವತ್ತು ನೀವು ಕಳಿಸಿದ ದೋಸೆ ಹಿಟ್ಟಿನ ಸಾಲನ್ನೇ ಹಾಗೇ ಹಾಕಿಕೊಳ್ಳಲಾ? ಸರಿ ಅಂದರೆ ಸಾಕು.’ ಬಹಳ ಸಲ ಇದಕ್ಕೇ ಉತ್ತರ ಬಂದುಬಿಡುತ್ತದೆ. ಇದಕ್ಕೂ ಬರದಿದ್ದರೆ ಅಲ್ಲಿಗೆ ನಿಲ್ಲಿಸಿ. ಉತ್ತರ ಕೊಡದೇ ಇರುವುದನ್ನು ಒಪ್ಪಿಗೆ ಅಂತ ಹಿಡಿಯಬಾರದು. ಮುಂದೆ ಅವರು ಹಿಂಜ್ ಟೈಟ್ ಮಾಡಿಸಲು ಕರೆದಾಗಲೂ ಆ ಮಾತು ಎತ್ತಬೇಡಿ.

ಸರಿ ಅಂದವರ ಮೆಸೇಜಿನ ಸ್ಕ್ರೀನ್‌ಶಾಟನ್ನು ತಾರೀಕು ಕಾಣುವಂತೆ ತೆಗೆದು, ಆ ಕೆಲಸದ ಬಿಲ್ ಇರುವ ಫೋಲ್ಡರಿನಲ್ಲೇ ಇಡಿ. ಮುಂದೆ ಎಂದಾದರೂ ತೆಗೆದುಬಿಡಿ ಅಂದರೆ, ಕಾರಣ ಕೇಳದೆ ಅದೇ ದಿನ ತೆಗೆಯಿರಿ.