ಕನಜಾವಾದ ‘ಅಮ್ಮ’ನಿಗೆ ಬೆಂಗಳೂರಿನಿಂದ ಫೋನು

ಜಪಾನಿನ ಕನಜಾವಾ ಊರಿನಲ್ಲಿ ಓದುತ್ತಿದ್ದಾಗ ನಾನು ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಮನೆಯ ಒಡತಿಗೆ ಈಗ ಎಂಬತ್ತು ದಾಟಿದೆ. ನಾನು ಅವರನ್ನು ಕರೆಯುವುದು ‘ಒಕಾಸನ್’, ಅಂದರೆ ಅಮ್ಮ ಎಂದೇ. ಅವರಿಗೆ ಇಂಗ್ಲಿಷ್ ಬಾರದು. ನನ್ನ ಜಪಾನಿ ಭಾಷೆ ಮಾರುಕಟ್ಟೆಗೆ, ಅಡುಗೆಮನೆಗೆ ಸಾಕಾಗುವಷ್ಟಿದೆ. ಬೆಂಗಳೂರಿಗೆ ಮರಳಿದ ಮೇಲೂ ಅವರೊಂದಿಗೆ ಮಾತು ನಿಲ್ಲಿಸಿಲ್ಲ. ಒಮ್ಮೊಮ್ಮೆ ಫೋನು, ಹೆಚ್ಚಿನ ಸಲ ಲೈನ್ ಆ್ಯಪ್‌ನಲ್ಲಿ ವಾಯ್ಸ್ ಮೆಸೇಜು. ವಯಸ್ಸಾದವರ ಕಿವಿ, ಪರಭಾಷೆ, ಮುಖ ಕಾಣದ ಫೋನು, ಈ ಮೂರೂ ಒಟ್ಟಿಗೆ ಸೇರಿದಾಗ ಹೇಗೆ ಮಾತಾಡಿದರೆ ಅವರಿಗೆ ಸುಖವಾಗಿ ಕೇಳಿಸುತ್ತದೆ ಎಂಬುದನ್ನು ನಾನು ಮಾಡುವ ಕ್ರಮದಲ್ಲೇ ಬರೆಯುತ್ತೇನೆ.

ಮೊದಲಿಗೆ ಹೊತ್ತು. ಜಪಾನು ನಮಗಿಂತ ಮೂರೂವರೆ ಗಂಟೆ ಮುಂದಿದೆ. ನಮ್ಮ ಬೆಳಗಿನ ಏಳು ಅವರಿಗೆ ಹತ್ತೂವರೆ. ತಿಂಡಿ, ಬಟ್ಟೆ ಒಗೆತ, ಎಂಟು ಗಂಟೆಗೆ ಎನ್‌ಎಚ್‌ಕೆಯಲ್ಲಿ ಬರುವ ಬೆಳಗಿನ ಧಾರಾವಾಹಿ ಎಲ್ಲ ಮುಗಿದು ಅವರು ಕೂತಿರುವ ಸಮಯ ಅದು. ನಮ್ಮ ಸಂಜೆ ಅವರಿಗೆ ರಾತ್ರಿ. ರಾತ್ರಿ ಫೋನು ಬಂದರೆ ವಯಸ್ಸಾದವರಿಗೆ ಎದೆ ಹಾರುತ್ತದೆ, ಆದ್ದರಿಂದ ಆ ಹೊತ್ತಿನಲ್ಲಿ ನಾನು ಮಾಡುವುದೇ ಇಲ್ಲ.

ಎರಡನೆಯದು ಹೆಸರು. ನಮ್ಮಲ್ಲಿ ಹಿರಿಯರಿಗೆ ಫೋನು ಮಾಡಿದಾಗ ‘ನಾನೇ ಅಜ್ಜಿ, ಗೊತ್ತಾಯ್ತಾ ಯಾರು ಅಂತ?’ ಎನ್ನುವುದು ಪ್ರೀತಿಯ ಮಾತು. ಜಪಾನಿನಲ್ಲಿ ಈ ಮಾತು ಹಿರಿಯರನ್ನು ಹೆದರಿಸುತ್ತದೆ. ‘ಒರೆ, ಒರೆ’, ಅಂದರೆ ‘ನಾನು, ನಾನೇ’ ಎಂದು ಮಗನ ಹಾಗೆ ಮಾತಾಡಿ ದುಡ್ಡು ಕೀಳುವ ಮೋಸ ಅಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿದೆ. ಅದಕ್ಕೆ ‘ಒರೆ ಒರೆ’ ಮೋಸ ಎಂಬ ಹೆಸರೇ ಬಿದ್ದಿದೆ. ಮೋಸಗಾರರು ನೆಗಡಿಯಾಗಿ ದನಿ ಬದಲಾಗಿದೆ ಎನ್ನುತ್ತಾರೆ, ಫೋನ್ ನಂಬರ್ ಬದಲಾಗಿದೆ ಎನ್ನುತ್ತಾರೆ. ಹೀಗಾಗಿ ಮನೆಯಲ್ಲಿದ್ದರೂ ಫೋನನ್ನು ಉತ್ತರ ಹೇಳುವ ಯಂತ್ರಕ್ಕೇ ಬಿಟ್ಟಿರಿ, ಯಾರೆಂದು ಕೇಳಿಸಿಕೊಂಡು ಆಮೇಲೆ ಎತ್ತಿ ಎಂದು ಪೊಲೀಸರೇ ಹಿರಿಯರಿಗೆ ಹೇಳುತ್ತಾರೆ. ವಿದೇಶದ ನಂಬರುಗಳಿಂದಲೂ ಮೋಸದ ಕರೆ ಬರುವುದರಿಂದ ಪ್ಲಸ್ ಗುರುತಿನಿಂದ ಶುರುವಾಗುವ ನಂಬರನ್ನು ಕಂಡರೆ ಎತ್ತದವರೇ ಹೆಚ್ಚು. ವಿದೇಶದ ಕರೆಯೇ ಬಾರದಂತೆ ಮನೆಯ ಫೋನಿಗೆ ತಡೆ ಹಾಕಿಸಿಕೊಂಡವರೂ ಇದ್ದಾರೆ.

ಅದಕ್ಕೇ ನಾನು ಹಿಂದಿನ ದಿನವೇ ಅವರ ಮಗಳಿಗೆ ಒಂದು ಸಾಲು ಬರೆದಿರುತ್ತೇನೆ: ನಾಳೆ ಹತ್ತೂವರೆಗೆ ಅಮ್ಮನಿಗೆ ಫೋನು ಮಾಡಲೇ? ಮಗಳು ಅಮ್ಮನಿಗೆ ತಿಳಿಸಿರುತ್ತಾರೆ. ಆದರೂ ಮೊದಲು ಸಿಗುವುದು ಯಂತ್ರವೇ. ‘ಪೀ’ ಸದ್ದು ಬಂದ ಕೂಡಲೇ ಬಾಯಿ ತೆರೆದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಒಂದು ಉಸಿರು ಬಿಟ್ಟು ‘ಇಂದೊ ನೊ ಬಿದಿಯ ದೆಸ್’ ಎನ್ನುತ್ತೇನೆ, ಇಂಡಿಯಾದ ವಿದ್ಯಾ ಎಂದು. ಅವರು ಮೊದಲಿನಿಂದಲೂ ನನ್ನನ್ನು ಕರೆದದ್ದು ಬಿದಿಯ ಎಂದೇ. ಫೋನಿನಲ್ಲಿ ನನ್ನ ಹೆಸರನ್ನು ನಮ್ಮೂರಿನ ಉಚ್ಚಾರದಲ್ಲಿ ಹೇಳಿ ಅವರನ್ನು ಗೊಂದಲಕ್ಕೆ ಕೆಡವುವುದಕ್ಕಿಂತ ಅವರ ಬಾಯಲ್ಲಿ ಇದ್ದಂತೆಯೇ ಹೇಳುವುದು ನನಗಿಷ್ಟ. ಹೆಸರು ಕೇಳಿಸಿದ ಮೇಲೆ ಅವರು ರಿಸೀವರ್ ಎತ್ತುತ್ತಾರೆ. ನೆಗಡಿ, ಹೊಸ ನಂಬರು, ಬ್ಯಾಂಕು, ಹಣ ಇಂಥ ಮಾತುಗಳನ್ನು ನಾನು ಫೋನಿನಲ್ಲಿ ಎತ್ತುವುದಿಲ್ಲ. ನಂಬರು ನಿಜಕ್ಕೂ ಬದಲಾದರೆ ಆ ಸುದ್ದಿ ಮಗಳ ಮೂಲಕವೇ ಹೋಗಬೇಕು.

ಇನ್ನು ವೇಗದ ಮಾತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು, ಸಣ್ಣ ದನಿಗಳನ್ನು. ಸ, ಶ, ತ, ಕ, ಹ ಇವೆಲ್ಲ ಮಸುಕಾಗುತ್ತವೆ. ಸ್ವರಗಳು ಮಾತ್ರ ಚೆನ್ನಾಗಿ ಕೇಳುತ್ತವೆ. ಹಳೆಯ ಫೋನ್ ಲೈನುಗಳು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುವುದರಿಂದ ಸಕಾರ ಶಕಾರಗಳ ಮೊನಚು ಅಲ್ಲೂ ಹೋಗುತ್ತದೆ. ಕೂಗಿದರೆ ಸ್ವರ ಮಾತ್ರ ದೊಡ್ಡದಾಗುತ್ತದೆ, ವ್ಯಂಜನ ಅಷ್ಟೇ ಇರುತ್ತದೆ. ಜೊತೆಗೆ ಕೂಗುವಾಗ ಹೆಂಗಸರ ದನಿ ಮೇಲಕ್ಕೇರುತ್ತದೆ, ಅದು ಅವರಿಗೆ ಇನ್ನೂ ಕಷ್ಟ. ನಾನು ದನಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಮಾತಾಡುತ್ತೇನೆ.

ಇದಕ್ಕಿಂತ ಮುಖ್ಯವಾದ ಇನ್ನೊಂದಿದೆ. ನಿಧಾನವಾಗಿ ಮಾತಾಡಬೇಕೆಂದಾಗ ನಮಗೆ ಪದಗಳನ್ನು ಎಳೆಯುವ ಅಭ್ಯಾಸ. ಜಪಾನಿ ಭಾಷೆಯಲ್ಲಿ ಎಳೆದರೆ ಪದವೇ ಬೇರೆಯಾಗಿಬಿಡುತ್ತದೆ, ‘ಒಬಸನ್’ ಅತ್ತೆ ಅಥವಾ ಚಿಕ್ಕಮ್ಮನಾದರೆ ‘ಒಬಾಸನ್’ ಅಜ್ಜಿ. ಕನ್ನಡಿಗರಿಗೆ ಈ ಹ್ರಸ್ವ ದೀರ್ಘ ಹೊಸದಲ್ಲ, ಒತ್ತಕ್ಷರವೂ ಹೊಸದಲ್ಲ. ಆದ್ದರಿಂದ ನಾನು ಹೇಳಬೇಕಾದ್ದನ್ನು ಕನ್ನಡ ಲಿಪಿಯಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ಅವರ ‘ತ’ ನಮ್ಮ ಟಕಾರಕ್ಕಿಂತ ತಕಾರಕ್ಕೇ ಹತ್ತಿರ, ಹಾಗಾಗಿ ತ ಎಂದೇ ಬರೆಯುತ್ತೇನೆ. ಪದವನ್ನು ಅದರ ಅಳತೆಗೆ ಸರಿಯಾಗಿ ಹೇಳಿ, ನಿಲುಗಡೆಯನ್ನು ಪದಗಳ ಗುಂಪುಗಳ ನಡುವೆ ಇಡುತ್ತೇನೆ. ಫೋನಿನಲ್ಲಿ ನನ್ನ ಮೊದಲ ಅರ್ಧ ನಿಮಿಷ ಹೀಗಿರುತ್ತದೆ:

ಮೊಶಿ ಮೊಶಿ. ಇಂದೊ ನೊ ಬಿದಿಯ ದೆಸ್. (ನಿಲ್ಲುತ್ತೇನೆ, ಅವರು ಏನಾದರೂ ಹೇಳುವವರೆಗೆ)
ಇಮ, ಯೊರೊಶೀ ದೆಸ್ ಕ. (ಈಗ ಮಾತಾಡಬಹುದೇ? ಉತ್ತರಕ್ಕೆ ಕಾಯುತ್ತೇನೆ)
ಗೊಬುಸತ ಶಿತೆ ಒರಿಮಸ್. (ಬಹಳ ದಿನ ಸುದ್ದಿಯಿಲ್ಲದೆ ಇದ್ದೆ, ಕ್ಷಮಿಸಿ. ಒಂದು ಉಸಿರು)
ಒಕವರಿ ಅರಿಮಸೆನ್ ಕ. (ಎಲ್ಲ ಹಾಗೇ ಇದೆಯೇ, ಆರೋಗ್ಯವೇ?)

ನಮ್ಮ ‘ಹಲೋ, ಹೇಗಿದೀರಾ, ಊಟ ಆಯ್ತಾ, ಮನೇಲೆಲ್ಲ ಸೌಖ್ಯವಾ’ ಒಂದೇ ಉಸಿರಿನಲ್ಲಿ ಬರುತ್ತದಲ್ಲ, ಅಲ್ಲಿ ಹಾಗೆ ಮಾಡಿದರೆ ಕೊನೆಯ ಪ್ರಶ್ನೆಗಷ್ಟೇ ಉತ್ತರ ಸಿಗುತ್ತದೆ, ಅಥವಾ ಯಾವುದಕ್ಕೂ ಸಿಗುವುದಿಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಪ್ರಶ್ನೆಯ ನಂತರದ ಮೌನವನ್ನು ತುಂಬಲು ಹೋಗಬಾರದು. ಪದ ಹುಡುಕುವುದಕ್ಕೆ ಅವರಿಗೂ ಹೊತ್ತು ಬೇಕು, ಇಂಟರ್ನೆಟ್ಟಿನ ಕರೆಯಲ್ಲಿ ದನಿ ತಲುಪುವುದೂ ತುಸು ತಡ. ನಾನು ಎರಡನೇ ವಾಕ್ಯ ಶುರು ಮಾಡಿದಾಗಲೇ ಅವರ ಉತ್ತರ ಬಂದರೆ ಇಬ್ಬರೂ ನಿಂತುಬಿಡುತ್ತೇವೆ.

ಅವರು ಮಾತಾಡುವಾಗ ನಾನು ಸುಮ್ಮನಿರುವಂತಿಲ್ಲ. ನಾವು ಹ್ಞೂಂಗುಟ್ಟುವ ಹಾಗೆ ಅಲ್ಲಿ ‘ಹೈ’, ‘ಸೋ ದೆಸ್ ಕ’ ಎನ್ನುತ್ತಿರಬೇಕು. ಇಲ್ಲದಿದ್ದರೆ ಲೈನ್ ಕಡಿದುಹೋಯಿತೆಂದು ಅವರೇ ಮತ್ತೆ ‘ಮೊಶಿ ಮೊಶಿ?’ ಎನ್ನುತ್ತಾರೆ. ಈ ‘ಹೈ’ ಒಪ್ಪಿಗೆಯಲ್ಲ, ಕೇಳುತ್ತಿದ್ದೇನೆ ಎಂಬ ಗುರುತು. ಹಾಗಾಗಿ ಅವರ ‘ಹೈ’ಯನ್ನು ನಂಬುವಾಗಲೂ ಎಚ್ಚರ ಬೇಕು. ಏನು, ಯಾವಾಗ ಎಂದು ಕೇಳಿದ ಪ್ರಶ್ನೆಗೂ ‘ಹೈ, ಹೈ’ ಎಂದೇ ಬಂದರೆ ಅವರಿಗೆ ಕೇಳಿಸಿಲ್ಲ, ಮರ್ಯಾದೆಗೆ ಸುಮ್ಮನಿದ್ದಾರೆ ಎಂದರ್ಥ. ಆಗ ಅದೇ ವಾಕ್ಯವನ್ನು ಜೋರಾಗಿ ತಿರುಗಿ ಹೇಳುವುದಿಲ್ಲ. ಕೇಳದೆ ಹೋದ ದನಿ ಎರಡನೇ ಸಲವೂ ಕೇಳುವುದಿಲ್ಲವಲ್ಲ. ಬೇರೆ ಪದ ಹಾಕಿ, ವಾಕ್ಯವನ್ನು ಚಿಕ್ಕದು ಮಾಡುತ್ತೇನೆ.

ಒಂದು ಉದಾಹರಣೆ ಹೇಳಬೇಕು. ಜುಲೈನಲ್ಲಿ ಕನಜಾವಾಕ್ಕೆ ಬರುತ್ತೇನೆಂದು ತಿಳಿಸಬೇಕಿತ್ತು. ಜುಲೈ ಅಂದರೆ ಏಳನೇ ತಿಂಗಳು, ‘ಶಿಚಿಗತ್ಸು’. ಜನವರಿ ‘ಇಚಿಗತ್ಸು’. ಎರಡರ ನಡುವೆ ಇರುವುದು ಬರೀ ಒಂದು ಶಕಾರ, ಅದೂ ಅವರ ಕಿವಿಗೆ ಮತ್ತು ಫೋನಿಗೆ ಕಷ್ಟವಾದ ದನಿಯೇ. ಜಪಾನೀಯರೇ ಇಂಥಲ್ಲಿ ಏಳಕ್ಕೆ ‘ನನ’ ಎಂಬ ಇನ್ನೊಂದು ಪದ ಬಳಸಿ ‘ನನಗತ್ಸು’ ಎನ್ನುತ್ತಾರೆ. ನಾನು ‘ನತ್ಸು, ನನಗತ್ಸು ನಿ’ ಎಂದೆ, ಬೇಸಿಗೆಯಲ್ಲಿ, ಏಳನೇ ತಿಂಗಳಲ್ಲಿ ಎಂದು. ಆಮೇಲೆ ಸುಮ್ಮನೆ ಕಾದೆ. ಅವರು ‘ನತ್ಸು ನೆ’ ಎಂದು ತಾವೇ ತಿರುಗಿ ಹೇಳಿದರು. ದಿನ, ಗಂಟೆ, ನಂಬರು ಯಾವುದೇ ಇರಲಿ, ಹೀಗೆ ಅವರ ಬಾಯಿಂದ ತಿರುಗಿ ಬರುವವರೆಗೆ ಮುಂದಿನ ಮಾತಿಗೆ ಹೋಗುವುದಿಲ್ಲ. ಏಳು ಗಂಟೆಗೂ ಹಾಗೆಯೇ, ‘ಶಿಚಿಜಿ’ ಬಿಟ್ಟು ‘ನನಜಿ’ ಎನ್ನುತ್ತೇನೆ.

ವಾಯ್ಸ್ ಮೆಸೇಜು ಇದಕ್ಕಿಂತ ಸುಲಭ, ಅವರಿಗೂ ಅದೇ ಹೆಚ್ಚು ಇಷ್ಟ. ಮಗಳು ಟ್ಯಾಬ್ಲೆಟ್ಟಿನಲ್ಲಿ ಹಾಕಿ ಕೊಡುತ್ತಾರೆ, ಬೇಕಾದಷ್ಟು ಸಲ ಕೇಳಬಹುದು, ಕೂಡಲೇ ಉತ್ತರ ಹೇಳಬೇಕೆಂಬ ಒತ್ತಡವಿಲ್ಲ. ನಾನು ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿಯುತ್ತೇನೆ. ಇನ್ನೂ ಹತ್ತಿರ ಹಿಡಿದರೆ ಉಸಿರು ಬಡಿದು ಗರಗರ ಎನ್ನುತ್ತದೆ. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಶುರು, ಮುಗಿದ ಮೇಲೆ ಒಂದು ಕ್ಷಣ ಬಿಟ್ಟು ನಿಲುಗಡೆ. ಅರ್ಧ ನಿಮಿಷದೊಳಗೆ ಮುಗಿಸುತ್ತೇನೆ. ಕಳಿಸಿದ ಮೇಲೆ ಫೋನನ್ನು ಮೇಜಿನ ಮೇಲಿಟ್ಟು, ದನಿ ಕಡಿಮೆ ಮಾಡಿ, ಕೋಣೆಯ ಆಚೆ ಬದಿಯಿಂದ ಕೇಳುತ್ತೇನೆ. ಯಾವ ಪದ ನನಗೇ ಕಲಸಿದಂತೆ ಕೇಳುತ್ತದೋ ಅದು ಅವರಿಗೆ ಖಂಡಿತ ತಲುಪುವುದಿಲ್ಲ. ಮೆಸೇಜನ್ನು ವಾಪಸು ತೆಗೆದು ಮತ್ತೆ ರೆಕಾರ್ಡ್ ಮಾಡುತ್ತೇನೆ. ನವೆಂಬರಿನ ಒಂದು ಮೆಸೇಜು ಹೀಗಿತ್ತು, ಪ್ರತಿ ಸಾಲಿನ ಕೊನೆಗೆ ಒಂದು ಪೂರ್ತಿ ಉಸಿರಿನ ಬಿಡುವು:

ಒಕಾಸನ್, ಇಂದೊ ನೊ ಬಿದಿಯ ದೆಸ್.
ಯುಕಿತ್ಸುರಿ ವ, ಹಜಿಮರಿಮಶಿತ ಕ.
ಇಂದೊ ವ, ಮದ ಅತತಕೈ ದೆಸ್.
ಒಹೆಂಜಿ ವ, ಇತ್ಸುದೆಮೊ ಈ ದೆಸ್.
ದೋಜೊ, ಒಗೆಂಕಿ ದೆ.

ಯುಕಿತ್ಸುರಿ ಎಂದರೆ ಹಿಮದ ಭಾರಕ್ಕೆ ಕೊಂಬೆ ಮುರಿಯದಂತೆ ಮರಗಳಿಗೆ ಮೇಲಿನಿಂದ ಹಗ್ಗ ಬಿಗಿಯುವುದು. ಕನಜಾವಾದ ಕೆನ್ರೊಕುಎನ್ ಉದ್ಯಾನದಲ್ಲಿ ಪ್ರತಿ ವರ್ಷ ನವೆಂಬರ್ 1ರಂದು ಈ ಕೆಲಸ ಶುರುವಾಗುತ್ತದೆ. ಅದು ಶುರುವಾಯಿತೇ ಎಂದು ಕೇಳಿದೆ, ಇಂಡಿಯಾದಲ್ಲಿ ಇನ್ನೂ ಬೆಚ್ಚಗಿದೆ ಎಂದೆ, ಉತ್ತರ ಯಾವಾಗಲಾದರೂ ಆದೀತು ಎಂದೆ, ಆರೋಗ್ಯವಾಗಿರಿ ಎಂದೆ. ಜಪಾನಿನಲ್ಲಿ ಋತುವಿನ ಮಾತಿಲ್ಲದೆ ಕುಶಲ ಕೇಳುವುದು ಬೋಳುಬೋಳು. ಬರೀ ‘ಚಳಿಯಾ?’ ಎಂದು ಕೇಳುವುದಕ್ಕಿಂತ ಅವರ ಊರಿನದೇ ಒಂದು ಸಂಗತಿ ಕೇಳಿದರೆ ಅವರಿಗೆ ಹೇಳಲು ಏನಾದರೂ ಸಿಗುತ್ತದೆ. ‘ಉತ್ತರ ಯಾವಾಗಲಾದರೂ’ ಎಂಬ ಸಾಲನ್ನಂತೂ ನಾನು ಬಿಡುವುದೇ ಇಲ್ಲ. ಅದಿಲ್ಲದಿದ್ದರೆ ಮಗಳು ಬರುವವರೆಗೆ ಉತ್ತರ ಬಾಕಿಯಿದೆಯೆಂದು ಅವರು ಚಡಪಡಿಸುತ್ತಾರೆ.

ಫೋನು ಮುಗಿಸುವಾಗ ‘ಇಡ್ತೀನಿ’ ಎಂದು ಥಟ್ಟನೆ ಹೇಳುವಂತಿಲ್ಲ. ‘ಸೊರೆದೆವ’ ಎಂದು ಮಾತು ಮುಗಿಯುತ್ತಿದೆ ಎಂಬ ಸೂಚನೆ ಕೊಟ್ಟು ನಿಲ್ಲುತ್ತೇನೆ. ಹಲವು ಸಲ ಅವರಿಗೆ ಹೇಳಬೇಕೆಂದಿದ್ದ ಮುಖ್ಯ ವಿಷಯ ನೆನಪಾಗುವುದು ಆಗಲೇ. ಆಮೇಲೆ ‘ಶಿತ್ಸುರೇ ಶಿಮಸ್’, ಅಪ್ಪಣೆ ಕೊಡಿ ಎಂಬಂಥ ಮಾತು. ಕರೆ ಮಾಡಿದವರೇ ಮೊದಲು ಇಡುವುದು ಅಲ್ಲಿಯ ವಾಡಿಕೆಯಾದರೂ ಹಿರಿಯರ ವಿಷಯದಲ್ಲಿ ಅವರು ರಿಸೀವರ್ ಇಡುವವರೆಗೆ ಕಾಯುವುದೇ ಮರ್ಯಾದೆ. ‘ಒದೈಜಿ ನಿ’ ಎಂಬ ಮಾತನ್ನು ಮಾತ್ರ ಅವರಿಗೆ ಕಾಯಿಲೆಯಿದ್ದಾಗಷ್ಟೇ ಹೇಳುತ್ತೇನೆ, ಅದು ಬೇಗ ಗುಣವಾಗಲಿ ಎಂದು ಹಾರೈಸುವ ಮಾತು.

ಆಸ್ಪತ್ರೆ, ಸಾವು, ಪ್ರಯಾಣ ರದ್ದಾದ ಸುದ್ದಿ ಇಂಥವನ್ನು ನಾನು ದನಿಯಲ್ಲಿ ಕಳಿಸುವುದಿಲ್ಲ. ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ಊಹಿಸಿಕೊಳ್ಳುವ ಕಷ್ಟ ಅವರಿಗೆ ಬೇಡ. ಅದನ್ನು ಮಗಳಿಗೆ ಬರೆದು ತಿಳಿಸುತ್ತೇನೆ, ಮಗಳು ಪಕ್ಕದಲ್ಲಿ ಕೂತು ಹೇಳುತ್ತಾರೆ.